ಹೊಸ ಊರು, ಹೊಸ ಕೆಲಸ: ಮೊದಲ ಸಂಬಳದವರೆಗೆ ಕೈಯಲ್ಲಿರುವ ದುಡ್ಡು ಸಾಲುವಂತೆ ಮಾಡುವುದು ಹೇಗೆ?

ಬೇರೆ ಊರಿನಲ್ಲಿ ಕೆಲಸ ಸಿಕ್ಕಿದೆ ಅಂದರೆ ಎಲ್ಲರೂ ಸಂಬಳ ಎಷ್ಟು ಅಂತ ಕೇಳುತ್ತಾರೆ. ಅದು ಯಾವ ತಾರೀಖಿಗೆ ಕೈಗೆ ಬರುತ್ತದೆ ಅಂತ ಕೇಳುವವರು ಕಡಿಮೆ. ಮೊದಲ ತಿಂಗಳ ಮಟ್ಟಿಗೆ ಆ ಎರಡನೇ ಪ್ರಶ್ನೆಯೇ ದೊಡ್ಡದು. ಪ್ರಯಾಣ, ಮನೆ ಅಡ್ವಾನ್ಸ್, ಹಾಸಿಗೆ, ಬಕೆಟ್ಟು ಹೀಗೆ ದೊಡ್ಡ ಖರ್ಚುಗಳೆಲ್ಲ ಮೊದಲ ಎರಡು ವಾರದಲ್ಲೇ ಬಂದು ನಿಲ್ಲುತ್ತವೆ. ದುಡ್ಡು ಬರುವುದು ಮಾತ್ರ ಕೊನೆಯಲ್ಲಿ. ಸಂಬಳ ಎಷ್ಟೇ ಚೆನ್ನಾಗಿರಲಿ, ನಡುವಿನ ದಿನಗಳನ್ನು ದಾಟುವುದು ಕೈಯಲ್ಲಿರುವ ಹಣದಿಂದಲೇ.

ಹೆಜ್ಜೆ 1: ಹೊರಡುವ ಮೊದಲೇ ಸಂಬಳದ ತಾರೀಖು ಕೇಳಿ

ತುಂಬಾ ಕಂಪನಿಗಳಲ್ಲಿ ಸಂಬಳದ ಲೆಕ್ಕವನ್ನು ತಿಂಗಳ ನಡುವೆ ಒಂದು ದಿನ ಮುಚ್ಚುತ್ತಾರೆ. ಅದನ್ನು ಕಟಾಫ್ ಅನ್ನುತ್ತಾರೆ. ಆ ದಿನಕ್ಕಿಂತ ಮೊದಲು ಸೇರಿದವರ ಹೆಸರು ಆ ತಿಂಗಳ ಪಟ್ಟಿಯಲ್ಲಿ ಇರುತ್ತದೆ. ಎರಡು ದಿನ ತಡವಾಗಿ ಸೇರಿದರೂ ಹೆಸರು ಮುಂದಿನ ತಿಂಗಳಿಗೆ ಹೋಗುತ್ತದೆ. ದುಡಿದ ದಿನಗಳ ಹಣ ಎಲ್ಲಿಗೂ ಹೋಗುವುದಿಲ್ಲ, ಮುಂದಿನ ಸಂಬಳದ ಜೊತೆ ಬಾಕಿಯಾಗಿ ಬರುತ್ತದೆ. ಆದರೆ ಅಲ್ಲಿಯವರೆಗೆ ಊಟ, ಬಾಡಿಗೆ ಕಾಯುವುದಿಲ್ಲ ಅಲ್ವಾ?

ಹಾಗಾಗಿ ಆಫರ್ ಒಪ್ಪಿಕೊಂಡ ಕೂಡಲೇ ಎಚ್‌ಆರ್‌ಗೆ ಒಂದು ಸಣ್ಣ ಮೇಲ್ ಹಾಕಿ. ಫೋನಿನಲ್ಲಿ ಕೇಳಿದ್ದು ಮರೆತುಹೋಗುತ್ತದೆ, ಮೇಲ್ ಉಳಿಯುತ್ತದೆ. ಹೀಗೆ ಬರೆದರೆ ಸಾಕು: "ನಾನು ಈ ತಾರೀಖಿಗೆ ಸೇರುತ್ತಿದ್ದೇನೆ. ನನ್ನ ಮೊದಲ ಸಂಬಳ ಯಾವ ದಿನ ಬರುತ್ತದೆ? ಅದರಲ್ಲಿ ಎಷ್ಟು ದಿನದ ಹಣ ಇರುತ್ತದೆ? ಪ್ರಯಾಣದ ಖರ್ಚು ಕೊಡುವುದಾದರೆ ಯಾವಾಗ ಕೊಡುತ್ತೀರಿ, ಯಾವ ಬಿಲ್ ಬೇಕು?" ಇದನ್ನು ಕೇಳಲು ಸಂಕೋಚ ಬೇಡ. ಹೊಸದಾಗಿ ಸೇರುವವರಿಂದ ಎಚ್‌ಆರ್‌ನವರು ಕೇಳಿ ಕೇಳಿ ಅಭ್ಯಾಸವಾದ ಪ್ರಶ್ನೆಗಳೇ ಇವು.

ಉತ್ತರ ಬಂದಾಗ ಸೇರುವ ತಾರೀಖು ಕಟಾಫ್‌ನ ಆಚೆ ಬೀಳುತ್ತಿದೆ ಅಂತ ಗೊತ್ತಾದರೆ, ಎರಡು ಮೂರು ದಿನ ಮುಂಚೆ ಸೇರಬಹುದೇ ಅಂತ ವಿಚಾರಿಸಿ ನೋಡಿ. ಆ ಎರಡು ದಿನದಿಂದ ಕಾಯುವ ಅವಧಿ ಒಂದು ತಿಂಗಳು ಕಡಿಮೆಯಾಗಬಹುದು. ಹಾಗೆ ಮುಂಚೆ ಸೇರಿದರೆ ಮೊದಲ ಸಂಬಳ ಬೇಗ ಬರುತ್ತದೆ, ಆದರೆ ಅರ್ಧಂಬರ್ಧ ಬರುತ್ತದೆ ಅನ್ನುವುದೂ ನೆನಪಿರಲಿ. ಹತ್ತು ಹನ್ನೆರಡು ದಿನದ ಆ ಹಣದಲ್ಲೇ ಮುಂದಿನ ಇಡೀ ತಿಂಗಳನ್ನು ದೂಡಬೇಕು. ಎರಡರಲ್ಲಿ ಯಾವುದೇ ಆದರೂ ಬಿಗಿಯಾದ ದಿನಗಳು ಮುಗಿಯುವುದು ಮೊದಲ ಪೂರ್ತಿ ಸಂಬಳ ಬಂದ ಮೇಲೆ.

ಹೆಜ್ಜೆ 2: ತಾರೀಖಿನ ಪ್ರಕಾರ ಲೆಕ್ಕ ಬರೆಯಿರಿ

ನಾವು ಸಾಮಾನ್ಯವಾಗಿ ಬಜೆಟ್ ಅಂದರೆ ಬಾಡಿಗೆಗೆ ಇಷ್ಟು, ಊಟಕ್ಕೆ ಇಷ್ಟು ಅಂತ ಬರೆಯುತ್ತೇವೆ. ಮೊದಲ ತಿಂಗಳಿಗೆ ಅದು ಸಾಲದು. ಒಟ್ಟು ಮೊತ್ತ ಸರಿಯಾಗಿದ್ದರೂ ನಡುವೆ ಯಾವುದೋ ಒಂದು ದಿನ ಖಾತೆ ಖಾಲಿಯಾಗಬಹುದು. ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ: ತಾರೀಖು, ಹೋಗುವ ಅಥವಾ ಬರುವ ಹಣ, ಉಳಿಯುವ ಹಣ. ಮೂರನೇ ಕಾಲಂನಲ್ಲಿ ಅತಿ ಕಡಿಮೆ ಅಂಕಿ ಎಲ್ಲಿ ಬರುತ್ತದೆ ನೋಡಿ. ನಿಮ್ಮ ಎಲ್ಲ ತೀರ್ಮಾನಗಳೂ ಆ ಒಂದು ಅಂಕಿಯ ಮೇಲೆ ನಿಂತಿರುತ್ತವೆ.

ಒಂದು ಉದಾಹರಣೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ, ಕೈಗೆ ಬರುವ ತಿಂಗಳ ಸಂಬಳವನ್ನು 100 ಭಾಗ ಅಂದುಕೊಳ್ಳೋಣ. ತಿಂಗಳಿಗೆ 30 ದಿನ. ಒಬ್ಬ ಹುಡುಗಿ 22ನೇ ತಾರೀಖು ಕೆಲಸಕ್ಕೆ ಸೇರುತ್ತಾಳೆ. ಕಟಾಫ್ 20ಕ್ಕೇ ಮುಗಿದಿದೆ, ಸಂಬಳ ಬರುವುದು 30ಕ್ಕೆ. ಅಂದರೆ ಅವಳಿಗೆ ಹಣ ಸಿಗುವುದು ಮುಂದಿನ ತಿಂಗಳ 30ಕ್ಕೆ, ಕೆಲಸ ಶುರುವಾದ 39ನೇ ದಿನ. ಎರಡು ದಿನ ಮೊದಲು, 20ಕ್ಕೆ, 90 ಭಾಗ ಹಣ ಹಿಡಿದು ಅವಳು ಊರಿಗೆ ಬರುತ್ತಾಳೆ. ತಿಂಗಳ ಬಾಡಿಗೆ 25, ದಿನದ ಊಟ ಮತ್ತು ಓಡಾಟಕ್ಕೆ 1 ಭಾಗ. ಮೇಲ್ನೋಟಕ್ಕೆ 90 ಧಾರಾಳವಾಗಿ ಸಾಕು ಅನಿಸುತ್ತದೆ.

ಈಗ ತಾರೀಖಿನ ಪ್ರಕಾರ ಬರೆಯೋಣ. ಪ್ರಯಾಣ, ಸಾಮಾನು ಸಾಗಣೆಗೆ 6 ಹೋಯಿತು, ಉಳಿದದ್ದು 84. ಮನೆ ಹುಡುಕುವವರೆಗೆ ಎರಡು ವಾರ ಒಂದು ಹಂಚಿಕೆಯ ಕೋಣೆಯಲ್ಲಿ ಇರುತ್ತಾಳೆ, ವಾರಕ್ಕೆ 6. ಹಾಗೆ 12 ಕಳೆದು 72. ಆ 14 ದಿನದ ಊಟ, ಓಡಾಟ 14 ಕಳೆದರೆ 58. ಮುಂದಿನ ತಿಂಗಳ 4ಕ್ಕೆ ಮನೆ ಸಿಗುತ್ತದೆ. ಎರಡು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ 50, ಮೊದಲ ಬಾಡಿಗೆ 25, ಸೇರಿ 75 ಕೊಡಬೇಕು. ಕೈಯಲ್ಲಿರುವುದು 58. ಸಂಬಳಕ್ಕೆ ಇನ್ನೂ 26 ದಿನ ಇರುವಾಗಲೇ 17 ಭಾಗ ಕೊರತೆ. ಪಾತ್ರೆ, ಹಾಸಿಗೆಗೆ 5 ಮತ್ತು ಉಳಿದ 27 ದಿನದ ಖರ್ಚು ಸೇರಿಸಿದರೆ 30ನೇ ತಾರೀಖಿನ ಹೊತ್ತಿಗೆ ಕೊರತೆ 49ಕ್ಕೆ ಹೋಗುತ್ತದೆ.

ಅಡ್ವಾನ್ಸ್ ಅರ್ಧ ಈಗ, ಅರ್ಧ ಸಂಬಳ ಬಂದ ಮೇಲೆ ಅಂತ ಮನೆ ಮಾಲೀಕರು ಒಪ್ಪಿದರು ಅಂದುಕೊಳ್ಳಿ. ಆಗ 58ರಲ್ಲಿ ಬಾಡಿಗೆ 25, ಅರ್ಧ ಅಡ್ವಾನ್ಸ್ 25, ಸಾಮಾನು 5 ಹೋಗಿ 3 ಉಳಿಯುತ್ತದೆ. 27 ದಿನ ತಳ್ಳಬೇಕು. ಇಲ್ಲೂ 24 ಕೊರತೆ. ಒಳ್ಳೆಯ ಮಾಲೀಕರು ಸಿಕ್ಕರೂ ಈ ಲೆಕ್ಕ ಕೂಡುವುದಿಲ್ಲ.

ಅವಳು ಸಂಬಳ ಬರುವವರೆಗೂ ಆ ಹಂಚಿಕೆಯ ಕೋಣೆಯಲ್ಲೇ ಉಳಿದರೆ? ಆರು ವಾರಕ್ಕೆ 36. ಪ್ರಯಾಣ 6. ಮುಂದಿನ ತಿಂಗಳ 30ರವರೆಗೆ 41 ದಿನದ ಖರ್ಚು 41. ಒಟ್ಟು 83. ಸಂಬಳದ ದಿನ ಕೈಯಲ್ಲಿ 7 ಉಳಿದಿರುತ್ತದೆ. ಅಂದು ಬರುವ ಸಂಬಳ 130, ಏಕೆಂದರೆ ಹಿಂದಿನ ತಿಂಗಳ 9 ದಿನದ 30 ಭಾಗವೂ ಅದರಲ್ಲಿ ಸೇರಿರುತ್ತದೆ. 137ರಲ್ಲಿ ಅಡ್ವಾನ್ಸ್, ಬಾಡಿಗೆ, ಸಾಮಾನು ಎಲ್ಲ ಸೇರಿ 80 ಕೊಟ್ಟು ಒಂದನೇ ತಾರೀಖು ಮನೆಗೆ ಹೋಗಬಹುದು. ಉಳಿದ 57 ಮುಂದಿನ ತಿಂಗಳ ಖರ್ಚಿಗೆ ಸಾಕು. ಯಾರ ಹತ್ತಿರವೂ ಸಾಲ ಮಾಡಬೇಕಿಲ್ಲ.

ವಾರಕ್ಕೆ 6 ಅಂದರೆ ತಿಂಗಳಿಗೆ ಹೆಚ್ಚುಕಡಿಮೆ 26, ಸ್ವಂತ ಬಾಡಿಗೆಗಿಂತ ಸ್ವಲ್ಪ ಜಾಸ್ತಿ. ಸುಮ್ನೆ ದುಡ್ಡು ದಂಡ ಅಂತ ಮನೆಯವರು ಹೇಳಬಹುದು. ಆದರೆ ಆ ಹಣ ವಾರವಾರಕ್ಕೆ ಹೋಗುತ್ತದೆ, ಅಡ್ವಾನ್ಸ್ ಒಂದೇ ದಿನ ಹೋಗುತ್ತದೆ. ಮೊದಲ ತಿಂಗಳಲ್ಲಿ ಈ ವ್ಯತ್ಯಾಸವೇ ಮುಖ್ಯ. ಜೊತೆಗೆ ಆಫೀಸಿಗೆ ಯಾವ ಕಡೆಯಿಂದ ಓಡಾಡುವುದು ಸುಲಭ ಅಂತ ತಿಳಿಯದೆ ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ತಲೆನೋವೂ ತಪ್ಪುತ್ತದೆ.

ಹೆಜ್ಜೆ 3: ಅಡ್ವಾನ್ಸ್ ಕೊಡಲೇಬೇಕಾದರೆ

ಎಲ್ಲರಿಗೂ ಕಾಯಲು ಆಗುವುದಿಲ್ಲ. ಮಕ್ಕಳು, ವಯಸ್ಸಾದ ತಂದೆ ತಾಯಿ ಜೊತೆ ಬರುವವರಿಗೆ ಹಂಚಿಕೆಯ ಕೋಣೆ ಆಗದು. ಅವರು ಬಾಡಿಗೆಯ ಮೊತ್ತದ ಬಗ್ಗೆ ಚೌಕಾಶಿ ಮಾಡುವುದಕ್ಕಿಂತ ತಾರೀಖಿನ ಬಗ್ಗೆ ಮಾತಾಡುವುದು ಒಳ್ಳೆಯದು. ಅಡ್ವಾನ್ಸ್ ಎರಡು ಕಂತಿನಲ್ಲಿ ಕೊಡಬಹುದೇ, ಬಾಡಿಗೆಯ ದಿನವನ್ನು ಸಂಬಳದ ದಿನದ ನಂತರಕ್ಕೆ ಇಡಬಹುದೇ, ತಿಂಗಳ ನಡುವೆ ಬಂದರೆ ಉಳಿದ ದಿನದ ಬಾಡಿಗೆ ಮಾತ್ರ ಕೊಟ್ಟರೆ ಸಾಕೇ ಅಂತ ಕೇಳಿ. ಆಫರ್ ಪತ್ರ ತೋರಿಸಿದರೆ ಮಾಲೀಕರಿಗೂ ನಂಬಿಕೆ ಬರುತ್ತದೆ. ಒಪ್ಪಿದ್ದನ್ನು ಒಪ್ಪಂದದಲ್ಲೇ ಬರೆಸಿ, ಕೊಟ್ಟ ಹಣಕ್ಕೆ ರಸೀದಿ ತೆಗೆದುಕೊಳ್ಳಿ. ಒಳಗೆ ಹೋಗುವ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೋ ತೆಗೆದಿಡಿ.

ಮನೆ ನೋಡುವ ಮೊದಲೇ, ಬೇರೆಯವರು ಬುಕ್ ಮಾಡಿಬಿಡುತ್ತಾರೆ ಅಂತ ಅವಸರಪಡಿಸಿ ಟೋಕನ್ ಹಣ ಕೇಳುವವರಿಗೆ ಒಂದು ಪೈಸೆಯೂ ಕಳಿಸಬೇಡಿ. ಹೊಸ ಊರಿಗೆ ಬರುವವರನ್ನು ಮೋಸ ಮಾಡುವ ಹಳೆಯ ದಾರಿ ಇದು.

ಹೆಜ್ಜೆ 4: ಉಳಿದ ಹಣವನ್ನು ವಾರಕ್ಕೆ ಹಂಚಿ

ದಿನದ ಖರ್ಚಿನ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಪ್ರತಿ ಸೋಮವಾರ ಒಂದು ವಾರದ ಮೊತ್ತ ಮಾತ್ರ ಬಳಸುವ ಖಾತೆಗೆ ಹಾಕಿಕೊಳ್ಳಿ. ಮೊದಲ ವಾರ ಖರ್ಚು ಖಂಡಿತ ಜಾಸ್ತಿ ಆಗುತ್ತದೆ. ದಾರಿ ಗೊತ್ತಿರುವುದಿಲ್ಲ, ಅಡುಗೆಗೆ ಜಾಗ ಇರುವುದಿಲ್ಲ, ಸೋಪಿನಿಂದ ಹಿಡಿದು ಚಾರ್ಜರ್‌ವರೆಗೆ ಏನಾದರೊಂದು ಮರೆತಿರುತ್ತದೆ. ಅದಕ್ಕೇ ಮೊದಲ ವಾರಕ್ಕೆ ಮಾಮೂಲಿಯ ಒಂದೂವರೆ ಪಟ್ಟು ಇಟ್ಟುಕೊಂಡು, ಉಳಿದದ್ದನ್ನು ಬೇರೆ ವಾರಗಳಿಗೆ ಸಮನಾಗಿ ಹಂಚಿ. ಎರಡನೇ ವಾರವೂ ಹಣ ಗುರುವಾರಕ್ಕೇ ಮುಗಿದರೆ ದಿನದ ಅಂದಾಜು ತಪ್ಪಿದೆ ಅಂತ ಅರ್ಥ. ಕೂಡಲೇ ಮೂರು ಕಾಲಂನ ಹಾಳೆ ತೆಗೆದು ಹೊಸ ಅಂಕಿ ಹಾಕಿ ನೋಡಿ. ಮನೆ ಗೊತ್ತಾಗುವವರೆಗೆ ತಿಂಗಳ ಪಾಸ್ ಬೇಡ. ಕಂಪನಿ ಕೊಡಬೇಕಾದ ಪ್ರಯಾಣದ ಖರ್ಚನ್ನು ಅದು ಖಾತೆಗೆ ಬೀಳುವವರೆಗೆ ಹಾಳೆಯಲ್ಲಿ ಬರೆಯಲೇಬೇಡಿ.

ಹೆಜ್ಜೆ 5: ಸಾಲದೇ ಹೋದರೆ

ಮೂರನೇ ಕಾಲಂ ಸೊನ್ನೆಗಿಂತ ಕೆಳಗೆ ಹೋಗುತ್ತಿದ್ದರೆ ಅದು ಎರಡು ವಾರ ಮೊದಲೇ ಕಾಣುತ್ತದೆ. ಆಗಲೇ ಕೇಳಿ. ಮನೆಯವರ ಹತ್ತಿರ ಕೇಳುವಾಗ ಎಷ್ಟು ಬೇಕು, ಯಾವ ತಾರೀಖಿಗೆ ವಾಪಸ್ ಕೊಡುತ್ತೇನೆ ಅಂತ ಎರಡನ್ನೂ ಹೇಳಿ. ಕೆಲವು ಕಂಪನಿಗಳು ಸಂಬಳದ ಮುಂಗಡ ಕೊಡುತ್ತವೆ. ಅದನ್ನು ಮುಂದಿನ ಸಂಬಳದಲ್ಲಿ ಒಂದೇ ಸಲ ಹಿಡಿಯುತ್ತಾರೋ, ಎರಡು ಮೂರು ತಿಂಗಳಿಗೆ ಹಂಚುತ್ತಾರೋ ಕೇಳಿಕೊಳ್ಳಿ. ಒಂದೇ ಸಲ ಹಿಡಿದರೆ ಕೊರತೆ ಮುಂದಿನ ತಿಂಗಳಿಗೆ ಜಾರುತ್ತದೆ, ಅಷ್ಟೇ.

ಕ್ರೆಡಿಟ್ ಕಾರ್ಡ್ ಇದ್ದರೆ, ಬಿಲ್ ತಯಾರಾದ ಮರುದಿನ ಮಾಡಿದ ಖರೀದಿಗೆ ಅತಿ ಹೆಚ್ಚು ದಿನದ ಸಮಯ ಸಿಗುತ್ತದೆ. ಕಟ್ಟಬೇಕಾದ ಕೊನೆಯ ದಿನ ನಿಮ್ಮ ಸಂಬಳದ ನಂತರ ಬರುವಂತಿದ್ದರೆ, ಪೂರ್ತಿ ಬಿಲ್ ಕಟ್ಟುವ ಖಾತ್ರಿ ಇದ್ದರೆ, ಇದು ಕೆಲಸಕ್ಕೆ ಬರುತ್ತದೆ. ಕಾರ್ಡಿನಿಂದ ನಗದು ಮಾತ್ರ ತೆಗೆಯಬೇಡಿ. ಅದಕ್ಕೆ ಸಾಮಾನ್ಯವಾಗಿ ತೆಗೆದ ದಿನದಿಂದಲೇ ಬಡ್ಡಿ ಬೀಳುತ್ತದೆ, ಮೇಲೆ ಶುಲ್ಕ ಬೇರೆ. ಕನಿಷ್ಠ ಮೊತ್ತ ಕಟ್ಟಿದರೆ ದಂಡ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ನಿಮಿಷದಲ್ಲಿ ಸಾಲ ಕೊಡುವ ಆ್ಯಪ್‌ಗಳಿಂದ ದೂರವಿರಿ ಅಂತ ಕೈಮುಗಿದು ಹೇಳುತ್ತೇನೆ. ಸಂಬಳ ನಾಲ್ಕು ದಿನ ತಡವಾದರೂ ಅಲ್ಲಿ ಸಾಲ ಬೆಳೆದುಬಿಡುತ್ತದೆ.

ಹೆಜ್ಜೆ 6: ಸಂಬಳ ಬಂದ ದಿನ

ಮೊದಲ ವಾರದಲ್ಲೇ ಬ್ಯಾಂಕ್ ವಿವರ ಕೊಟ್ಟು, ಕಂಪನಿಯ ದಾಖಲೆಯಲ್ಲಿ ಅದು ಹೇಗೆ ಬಿದ್ದಿದೆ ಅಂತ ನಿಮ್ಮ ಕಣ್ಣಾರೆ ನೋಡಿ. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಸಂಬಳ ವಾಪಸ್ ಹೋಗಿ, ಮತ್ತೆ ಬರಲು ದಿನಗಳು ಹಿಡಿಯುತ್ತವೆ. ನಮ್ಮ ಉದಾಹರಣೆಯಲ್ಲಿ ಉಳಿದಿದ್ದ 7 ಭಾಗ ಇಂಥ ತಡಕ್ಕೇ ಬೇಕಾಗುವುದು.

ಸಂಬಳದ ಚೀಟಿ ಬಂದಾಗ ಮೊದಲು ದಿನಗಳ ಸಂಖ್ಯೆ ನೋಡಿ. ಕೆಲವರು ತಿಂಗಳ ಒಟ್ಟು ದಿನದಿಂದ ಭಾಗಿಸುತ್ತಾರೆ, ಕೆಲವರು ಕೆಲಸದ ದಿನದಿಂದ. ಎರಡಕ್ಕೂ ಮೊತ್ತ ಬೇರೆ ಬರುತ್ತದೆ. ಕೆಲವು ಕಡಿತಗಳನ್ನು ಅರ್ಧ ತಿಂಗಳಿಗೂ ಪೂರ್ತಿ ಹಿಡಿದಿರಬಹುದು, ಹಾಗಾಗಿ ಕೈಗೆ ಬಂದದ್ದು ನಿಮ್ಮ ಲೆಕ್ಕಕ್ಕಿಂತ ಕಡಿಮೆ ಇರಬಹುದು. ಬಾಕಿ ದಿನಗಳ ಹಣ ಸೇರಿಲ್ಲದಿದ್ದರೆ ಅಂದೇ ಮೇಲ್ ಮಾಡಿ, ನೀವು ಸೇರುವ ಮೊದಲು ಕೇಳಿದ್ದ ಆ ಮೇಲ್‌ಗೇ ಉತ್ತರವಾಗಿ. ಮುಂದಿನ ಕಟಾಫ್ ಒಳಗೆ ವಿಷಯ ತಲುಪಿದರೆ ಆ ತಿಂಗಳ ಸಂಬಳದಲ್ಲೇ ಸರಿಮಾಡಲು ಅವರಿಗೆ ಸಮಯ ಸಿಗುತ್ತದೆ.