ಮನೆ ತೋರಿಸುವ ವಿಡಿಯೊಗೆ ಸ್ಕ್ರಿಪ್ಟ್ ಬರೆಯುವುದು ಹೇಗೆ?

ಮಾರಾಟಕ್ಕಿರುವ ಮನೆಯ ವಿಡಿಯೊ ನೋಡಿ ಮುಗಿಸಿದವರಿಗೆ ಯಾವ ಕೋಣೆಯ ಪಕ್ಕ ಯಾವ ಕೋಣೆಯಿದೆ ಎಂಬುದು ತಿಳಿದಿರಬೇಕು. ಹಾಗಾಗಿ ಮಾತು ಬರೆಯುವ ಮೊದಲು ಮನೆಯ ನಕ್ಷೆಯ ಮೇಲೆ ನಡೆಯುವ ದಾರಿಯನ್ನು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳಬೇಕು.

ಪೂರ್ವಕ್ಕೆ ಬಾಗಿಲು, ಪಶ್ಚಿಮಕ್ಕೆ ಬಾಲ್ಕನಿ ಇರುವ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುಂಬಾಗಿಲಿನಿಂದ ಹಾಲ್, ಊಟದ ಜಾಗ, ಅಡುಗೆಮನೆ, ಯುಟಿಲಿಟಿ. ನಂತರ ಪ್ಯಾಸೇಜ್, ಚಿಕ್ಕ ಬೆಡ್‌ರೂಮು, ದೊಡ್ಡ ಬೆಡ್‌ರೂಮು, ಕೊನೆಯಲ್ಲಿ ಬಾಲ್ಕನಿ. ಯುಟಿಲಿಟಿಯಿಂದ ಮುಂದಕ್ಕೆ ದಾರಿಯಿಲ್ಲದ ಕಾರಣ ಚಿತ್ರವನ್ನು ಅಲ್ಲಿಯೇ ಕತ್ತರಿಸಿ, ಊಟದ ಮೇಜಿನ ಅಂಚು ಕಾಣುವಂತೆ ಪ್ಯಾಸೇಜಿನಿಂದ ಮತ್ತೆ ಆರಂಭಿಸಬೇಕು. ಆ ಅಂಚು ಕಾಣದಿದ್ದರೆ ನೋಡುಗನಿಗೆ ತಾನು ಎಲ್ಲಿದ್ದೇನೆಂದು ತಿಳಿಯುವುದಿಲ್ಲ.

ಸ್ಕ್ರಿಪ್ಟಿನ ಪುಟದಲ್ಲಿ ಎಡಕ್ಕೆ ಕ್ಯಾಮೆರಾದ ಚಲನೆ, ಬಲಕ್ಕೆ ಮಾತು ಇರಲಿ. ಅಡುಗೆಮನೆಯ ಭಾಗ ಹೀಗಿರಬಹುದು:

ಕ್ಯಾಮೆರಾ: ಬಾಗಿಲಲ್ಲಿ ಎರಡು ಸೆಕೆಂಡು ನಿಲ್ಲುವುದು, ಗ್ರಾನೈಟ್ ಕಟ್ಟೆಯ ಗುಂಟ ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿ ಯುಟಿಲಿಟಿಯ ಬಾಗಿಲಲ್ಲಿ ನಿಲ್ಲುವುದು.
ಮಾತು: "ಕಟ್ಟೆ ಎಂಟು ಅಡಿ ಉದ್ದವಿದೆ. ಪಾತ್ರೆ ತೊಳೆಯುವ ಸಿಂಕ್ ಮತ್ತು ವಾಷಿಂಗ್ ಮಷೀನಿನ ನಲ್ಲಿ ಯುಟಿಲಿಟಿಯಲ್ಲಿವೆ."

ಒಂದು ಚಲನೆ ಮುಂದಿನ ಕೋಣೆಯ ಬಾಗಿಲಲ್ಲೇ ಮುಗಿಯುವುದನ್ನು ಗಮನಿಸಿ. "ವಿಶಾಲವಾದ, ಸುಂದರವಾದ" ಎಂಬಂಥ ಮಾತುಗಳನ್ನು ಕೈಬಿಡಬಹುದು, ಏಕೆಂದರೆ ಅದನ್ನು ಚಿತ್ರವೇ ಹೇಳುತ್ತದೆ. ಚಿತ್ರ ಹೇಳಲಾರದ ಅಳತೆ, ದಿಕ್ಕು, ಕಾವೇರಿ ನೀರಿನ ಸಂಪರ್ಕ, ಪಾರ್ಕಿಂಗ್ ಇವುಗಳಿಗೆ ಮಾತು ಬೇಕು. ವಿಸ್ತೀರ್ಣ ಹೇಳುವಾಗ ಅದು ಕಾರ್ಪೆಟ್ ಏರಿಯಾವೋ, ಮೆಟ್ಟಿಲು, ಲಿಫ್ಟ್‌ನಂಥ ಸಾಮೂಹಿಕ ಜಾಗದ ಪಾಲೂ ಸೇರಿದ ಸೂಪರ್ ಬಿಲ್ಟ್‌ಅಪ್ ಏರಿಯಾವೋ ಎಂಬುದನ್ನು ಸ್ಪಷ್ಟಪಡಿಸಲೇಬೇಕು. 2016ರ ರೇರಾ ಕಾಯ್ದೆಯ ವ್ಯಾಖ್ಯೆಯಂತೆ ಕಾರ್ಪೆಟ್ ಏರಿಯಾದಲ್ಲಿ ಮನೆಯೊಳಗಿನ ಗೋಡೆಗಳು ಸೇರುತ್ತವೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ.

ಕ್ಯಾಮೆರಾ ಎದೆಯ ಎತ್ತರದಲ್ಲಿರಲಿ. ಕೋಣೆ ದೊಡ್ಡದಾಗಿ ಕಾಣಲೆಂದು ಫೋನಿನ 0.5x ಲೆನ್ಸ್ ಬಳಸುವವರು ಬಹಳ, ಆದರೆ ಅದರಲ್ಲಿ ಅಂಚಿನ ವಸ್ತುಗಳು ಎಳೆದಂತೆ ಕಾಣುತ್ತವೆ. ಮನೆ ನೋಡಲು ಬಂದವರು ನಿಜವಾದ ಕೋಣೆಯನ್ನು ಕಂಡು ನಿರಾಶರಾಗುವುದೂ ಅದರಿಂದಲೇ. ಬಚ್ಚಲುಮನೆಯಂಥ ಇಕ್ಕಟ್ಟಾದ ಜಾಗಕ್ಕೆ ಮಾತ್ರ ಅದನ್ನು ಬಳಸುವುದು ಒಳ್ಳೆಯದು.

ಚಿತ್ರೀಕರಣದ ಸಮಯವನ್ನೂ ಸ್ಕ್ರಿಪ್ಟಿನಲ್ಲೇ ಬರೆದಿಡಬೇಕು. ಈ ಫ್ಲ್ಯಾಟಿನ ಬಾಲ್ಕನಿಯನ್ನು ಸಂಜೆ ಚಿತ್ರೀಕರಿಸಿದರೆ ಬಿಸಿಲು ನೇರವಾಗಿ ಲೆನ್ಸಿಗೆ ಬಡಿಯುವುದರಿಂದ ಬೆಳಗಿನ ಹತ್ತರ ಸುಮಾರು ಸೂಕ್ತ. ಕ್ಯಾಮೆರಾ ಕಿಟಕಿಯತ್ತ ತಿರುಗಿದೊಡನೆ ಕೋಣೆ ಕಪ್ಪಾಗುತ್ತಿದ್ದರೆ, ಮೊದಲು ಬೆಳಕಿನ ಮಟ್ಟ ಬದಲಾಗದಂತೆ ಗೋಡೆಯ ಮೇಲೆ ಎಕ್ಸ್‌ಪೋಶರ್ ಲಾಕ್ ಮಾಡಿಕೊಂಡು ನಂತರ ತಿರುಗಿಸಬೇಕು.

ಸಂಕಲನ ಮುಗಿದ ಮೇಲೆ, ಆ ಮನೆಯನ್ನು ನೋಡಿರದ ಒಬ್ಬರಿಗೆ ಧ್ವನಿಯಿಲ್ಲದೆ ವಿಡಿಯೊ ತೋರಿಸಿ ನಕ್ಷೆ ಬರೆಯಲು ಹೇಳಿ. ಅವರು ಯಾವ ಬಾಗಿಲಿನ ಬಳಿ ತಡವರಿಸುತ್ತಾರೋ ಆ ಭಾಗವನ್ನು ಮತ್ತೆ ಚಿತ್ರೀಕರಿಸಬೇಕು.