ಟ್ರಯಲ್‌ಗೆ ಬಂದವರಲ್ಲಿ ದುಡ್ಡು ಕಟ್ಟುವವರು ಯಾರು? ಜಾಹೀರಾತಿಗೆ ಅದನ್ನು ಕಲಿಸುವುದು ಹೇಗೆ

ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾರುವ ಹುಬ್ಬಳ್ಳಿಯ ಸಣ್ಣ ತಂಡವೊಂದಕ್ಕೆ ನಾನು ಜಾಹೀರಾತು ನೋಡಿಕೊಳ್ಳುತ್ತೇನೆ. ರೈತರ ಮಾಲಿನ ತೂಕ, ಹಮಾಲಿ, ಕಮಿಷನ್ ಹಾಕಿ ಪಟ್ಟಿ ತೆಗೆಯುವ ಸಾಫ್ಟ್‌ವೇರ್ ಅದು. 14 ದಿನ ಉಚಿತ ಟ್ರಯಲ್, ಆಮೇಲೆ ವರ್ಷಕ್ಕೆ 6,000 ರೂಪಾಯಿ. ಒಂದು ತಿಂಗಳ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇನೆ. ಓದಲು ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಆ ತಿಂಗಳು ಗೂಗಲ್ ಜಾಹೀರಾತಿಗೆ ಆದ ಖರ್ಚು 60,000. ಯೂಟ್ಯೂಬ್ ವಿಡಿಯೊಗೆ 40,000 ಹೋಯಿತು, 320 ಸೈನ್‌ಅಪ್ ಬಂದವು. ಒಂದಕ್ಕೆ 125 ರೂಪಾಯಿ. ಸರ್ಚ್ ಜಾಹೀರಾತಿಗೆ 20,000 ಹೋಯಿತು, ಬಂದದ್ದು 80 ಸೈನ್‌ಅಪ್. ಒಂದಕ್ಕೆ 250. ಇಷ್ಟೇ ನೋಡಿದರೆ ವಿಡಿಯೊನೇ ಅಗ್ಗ, ಅಲ್ವಾ? ಆದರೆ ಟ್ರಯಲ್ ಮುಗಿದ ಮೇಲೆ ವಿಡಿಯೊದಿಂದ ಬಂದವರಲ್ಲಿ ದುಡ್ಡು ಕಟ್ಟಿದವರು 4 ಜನ, ಸರ್ಚ್‌ನಿಂದ ಬಂದವರಲ್ಲಿ 8. ಅಂದರೆ ವಿಡಿಯೊದಲ್ಲಿ ಒಬ್ಬ ಗಿರಾಕಿಗೆ 10,000 ಬಿತ್ತು, ಸರ್ಚ್‌ನಲ್ಲಿ 2,500. ಸೈನ್‌ಅಪ್ ತರು ಅಂತ ಗೂಗಲ್‌ಗೆ ಹೇಳಿದ್ದು ನಾವೇ. ಅದು ಅಗ್ಗವಾಗಿ ಸೈನ್‌ಅಪ್ ಸಿಗುವ ಕಡೆ ದುಡ್ಡು ಸುರಿಯಿತು.

ಮೊದಲು ಕ್ಲಿಕ್ ನಂಬರ್ ಉಳಿಸಿಕೊಳ್ಳಿ

ಜಾಹೀರಾತು ಒತ್ತಿದಾಗ ತೆರೆಯುವ ಪುಟದ ವಿಳಾಸದ ಕೊನೆಗೆ ಗೂಗಲ್ `gclid` ಅನ್ನುವ ನಂಬರ್ ಅಂಟಿಸುತ್ತದೆ. ಖಾತೆಯಲ್ಲಿ `Auto-tagging` ಆನ್ ಇರಬೇಕು. ಸೈನ್‌ಅಪ್ ಫಾರ್ಮ್‌ನಲ್ಲಿ ಕಣ್ಣಿಗೆ ಕಾಣದ ಒಂದು ಕಾಲಂ ಇಟ್ಟು, ಈ ನಂಬರನ್ನು ಗಿರಾಕಿಯ ಹೆಸರಿನ ಜೊತೆಗೇ ಸೇವ್ ಮಾಡಿಕೊಳ್ಳಿ. ಕೊನೆಗೆ ದುಡ್ಡು ಕಟ್ಟಿದವರು ಯಾವ ಜಾಹೀರಾತಿನಿಂದ ಬಂದರು ಅಂತ ತಿಳಿಯುವುದು ಇದರಿಂದಲೇ.

ಜಾಸ್ತಿ ಎಡವಟ್ಟು ಆಗುವುದೂ ಇಲ್ಲೇ. ಜಾಹೀರಾತಿನ ಪುಟ ಒಂದು ವಿಳಾಸದಲ್ಲಿ, ಫಾರ್ಮ್ ಇನ್ನೊಂದು ವಿಳಾಸದಲ್ಲಿ ಇದ್ದರೆ ನಂಬರ್ ದಾರಿಯಲ್ಲೇ ಉದುರಿ ಹೋಗಬಹುದು. ಪರೀಕ್ಷೆ ಮಾಡುವುದು ಸುಲಭ. ನಿಮ್ಮ ಪುಟದ ವಿಳಾಸದ ಕೊನೆಗೆ `?gclid=test123` ಅಂತ ನೀವೇ ಟೈಪ್ ಮಾಡಿ, ಮೊಬೈಲ್‌ನಲ್ಲಿ ಸೈನ್‌ಅಪ್ ಮಾಡಿ. ಡೇಟಾಬೇಸ್‌ನಲ್ಲಿ `test123` ಕಂಡರೆ ಸರಿ. ಕಾಣದಿದ್ದರೆ ಮುಂದೆ ಹೋಗಬೇಡಿ.

ನಮ್ಮ ಕಡೆಯ ಇನ್ನೊಂದು ಮಾತು. ಇಲ್ಲಿ ಅನೇಕರು ಆನ್‌ಲೈನ್‌ನಲ್ಲಿ ಕಟ್ಟುವುದಿಲ್ಲ, ಚೆಕ್ ಕೊಡುತ್ತಾರೆ ಅಥವಾ ಬ್ಯಾಂಕಿಗೆ ನೇರವಾಗಿ ಹಾಕುತ್ತಾರೆ. ಅದನ್ನೂ ಆ ಗಿರಾಕಿಯ ಹೆಸರಿಗೇ ಅವತ್ತೇ ನಮೂದಿಸಬೇಕು. ಇಲ್ಲದಿದ್ದರೆ ಒಳ್ಳೆಯ ಗಿರಾಕಿಯೇ ಲೆಕ್ಕದಿಂದ ಬಿಟ್ಟುಹೋಗುತ್ತಾರೆ.

ದುಡ್ಡಿಗಿಂತ ಮೊದಲು ಕಾಣುವ ಗುರುತು ಹುಡುಕಿ

ದುಡ್ಡು ಕಟ್ಟಿದ್ದನ್ನೇ ಗೂಗಲ್‌ಗೆ ಗುರಿಯಾಗಿ ಕೊಟ್ಟರೆ ಮುಗಿಯಿತಲ್ಲ ಅನಿಸಬಹುದು. ಆದರೆ ತಿಂಗಳಿಗೆ 12 ಜನ ಅಂದರೆ ಯಂತ್ರ ಕಲಿಯಲು ತೀರ ಕಡಿಮೆ. ಸುದ್ದಿ ತಲುಪುವುದೂ ಎರಡು ವಾರ ತಡವಾಗಿ. ಅದಕ್ಕೇ ಟ್ರಯಲ್‌ನ ಮೊದಲ ದಿನಗಳಲ್ಲೇ ಕಾಣುವ, ಮುಂದೆ ಕಟ್ಟುವವರನ್ನು ತೋರಿಸಿಕೊಡುವ ಒಂದು ಕೆಲಸ ಬೇಕು.

ಆ ತಿಂಗಳ ಟ್ರಯಲ್‌ಗಳನ್ನೆಲ್ಲ ಒಂದು ಶೀಟ್‌ನಲ್ಲಿ ಹಾಕಿ ನೋಡಿದೆವು. ಅಂಗಡಿ ಹೆಸರು, ಲೋಗೊ ಹಾಕಿದವರು 200 ಜನ, ಅವರಲ್ಲಿ ಕಟ್ಟಿದವರು 7. ಹಾಕದ 200 ಜನರಲ್ಲಿ 5. ಇಷ್ಟು ಸಣ್ಣ ವ್ಯತ್ಯಾಸ ಏನನ್ನೂ ಹೇಳುವುದಿಲ್ಲ. ಪಟ್ಟಿ ತೆಗೆದವರನ್ನು ನೋಡಿದಾಗ ಚಿತ್ರ ಬೇರೆಯೇ ಆಯಿತು. ಬೇರೆ ಬೇರೆ ರೈತರ ಹೆಸರಿನಲ್ಲಿ ಮೂರು ಪಟ್ಟಿ ತೆಗೆದವರು 30 ಜನ, ಅವರಲ್ಲಿ 9 ಜನ ಕಟ್ಟಿದ್ದರು. ಉಳಿದ 370 ಜನರಲ್ಲಿ ಕಟ್ಟಿದವರು ಬರೀ 3.

ಮೂರು ಪಟ್ಟಿ ಎಷ್ಟು ದಿನದೊಳಗೆ ಆಗಬೇಕು ಅನ್ನುವುದರಲ್ಲಿ ನಾವು ಮೊದಲು ತಪ್ಪಿದ್ದೆವು. 2 ದಿನ ಅಂತ ಇಟ್ಟಿದ್ದೆವು. ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರಿಗೆ ಫೋನ್ ಮಾಡಿ, ಯಾಕೆ ಬಳಸಲಿಲ್ಲ ಅಂತ ಕೇಳಿದೆ. "ಮಾರ್ಕೆಟ್ ಇರೋದ ಸೋಮವಾರ, ಗುರುವಾರ. ನಡಕ ಯಾರ್ದ ಪಟ್ಟಿ ಮಾಡ್ಲಿರೀ?" ಅಂದರು. ಗುರುವಾರ ರಾತ್ರಿ ಸೈನ್‌ಅಪ್ ಮಾಡಿದವರಿಗೆ ಸೋಮವಾರದ ತನಕ ಕೆಲಸವೇ ಇರುವುದಿಲ್ಲ! ಹಾಗಾಗಿ 5 ದಿನ ಮಾಡಿದೆವು. ಯಾವ ದಿನ ಬಂದರೂ ಒಂದು ಮಾರ್ಕೆಟ್ ದಿನ ಅದರೊಳಗೆ ಸಿಗುತ್ತದೆ. ನಿಮ್ಮ ಗಿರಾಕಿ ನಿಮ್ಮ ಸಾಫ್ಟ್‌ವೇರನ್ನು ನಿಜವಾಗಿ ಯಾವ ದಿನ ತೆರೆಯುತ್ತಾರೆ ಅಂತ ಅವರನ್ನೇ ಕೇಳಿ. ಶೀಟ್ ಇದನ್ನು ಹೇಳುವುದಿಲ್ಲ.

ಗುರುತನ್ನು ಗೂಗಲ್‌ಗೆ ಕಳಿಸಿ

ದಿನಕ್ಕೊಮ್ಮೆ ಇಂಥ ಒಂದು ಫೈಲ್ ಅಪ್‌ಲೋಡ್ ಮಾಡಿದರೆ ಸಾಕು:

```
Parameters:TimeZone=Asia/Kolkata
Google Click ID,Conversion Name,Conversion Time,Conversion Value,Conversion Currency
<gclid>,Three patti,2025-03-10 11:20:00,1800,INR
```

1800 ಹೇಗೆ ಬಂತು? ಮೂರು ಪಟ್ಟಿ ತೆಗೆದ 30 ಜನರಲ್ಲಿ 9 ಜನ, ಅಂದರೆ ನೂರಕ್ಕೆ 30 ಜನ ಕಟ್ಟಿದ್ದಾರೆ. 6,000ದ ನೂರಕ್ಕೆ 30 ಭಾಗ 1,800. ಫೈಲ್‌ನಲ್ಲಿರುವ ಹೆಸರು ಖಾತೆಯಲ್ಲಿ ನೀವು ಮೊದಲೇ ಮಾಡಿಟ್ಟ ಹೆಸರಿಗೆ ಅಕ್ಷರಶಃ ಹೊಂದಬೇಕು. ಕ್ಲಿಕ್ ಆಗಿ 90 ದಿನ ದಾಟಿದ್ದನ್ನು ಗೂಗಲ್ ತೆಗೆದುಕೊಳ್ಳುವುದಿಲ್ಲ.

ಎರಡು ಮೂರು ವಾರ ಇದನ್ನು `Secondary` ಆಗಿಯೇ ಇಡಿ, ಅಂದರೆ ಗೂಗಲ್ ಬರೀ ಎಣಿಸಲಿ, ಗುರಿಯಾಗಿ ಬಳಸುವುದು ಬೇಡ. ಅಂಕಿಗಳು ನಿಮ್ಮ ಡೇಟಾಬೇಸ್‌ಗೆ ತಾಳೆಯಾಗುತ್ತವೆಯಾ ನೋಡಿ. ತಾಳೆಯಾದರೆ ಹೊಸದನ್ನು `Primary`, ಅಂದರೆ ಗುರಿ ಮಾಡಿ, ಸೈನ್‌ಅಪ್ ಅನ್ನು `Secondary`ಗೆ ಇಳಿಸಿ. ಎರಡನ್ನೂ `Primary` ಬಿಟ್ಟು, ಸಂಖ್ಯೆಯ ಮೇಲೆ ಬಿಡ್ ಮಾಡಲು ಹೇಳಿದರೆ ಯಂತ್ರ ಮತ್ತೆ ಸುಲಭವಾಗಿ ಸಿಗುವ ಸೈನ್‌ಅಪ್ ಹಿಂದೆಯೇ ಓಡುತ್ತದೆ.

ಒಂದಕ್ಕೆ ಇಷ್ಟು ಖರ್ಚು ಅಂತ ಹೇಳುವ `Target CPA` ಹಾಕಿದ್ದರೆ ಅದನ್ನೂ ಅವತ್ತೇ ಬದಲಿಸಿ. ಸೈನ್‌ಅಪ್‌ಗೆ ಅಂತ ಇಟ್ಟ 150 ಹಾಗೇ ಉಳಿದರೆ ಜಾಹೀರಾತು ಬಹುತೇಕ ನಿಂತೇ ಹೋಗುತ್ತದೆ. 60,000 ಖರ್ಚಿಗೆ 30 ಗುರುತು ಬಂದಿದ್ದವು, ಒಂದಕ್ಕೆ 2,000. ಅಲ್ಲಿಂದಲೇ ಶುರು ಮಾಡಿ, ನಿಧಾನವಾಗಿ ಇಳಿಸುತ್ತ ಬನ್ನಿ.

ಫೇಸ್‌ಬುಕ್‌ನಲ್ಲಿ ಲೆಕ್ಕ ಇನ್ನೂ ಬಿಗಿ. ಒಂದು ಆ್ಯಡ್ ಸೆಟ್‌ಗೆ ವಾರಕ್ಕೆ ಸುಮಾರು 50 ಗುರುತು ಬೇಕು ಅಂತ ಅದು ಹೇಳುತ್ತದೆ. ಕ್ಲಿಕ್ ಆದ 7 ದಿನದೊಳಗಿನದ್ದನ್ನೇ ಸಾಮಾನ್ಯವಾಗಿ ಎಣಿಸುತ್ತದೆ, ಹಾಗಾಗಿ 14ನೇ ದಿನ ಕಟ್ಟಿದ ದುಡ್ಡು ಅದರ ಕಣ್ಣಿಗೇ ಬೀಳುವುದಿಲ್ಲ. ಅಲ್ಲಿ ಆ್ಯಡ್ ಸೆಟ್‌ಗಳನ್ನೆಲ್ಲ ಒಂದೇ ಮಾಡಿ, ಮೂರರ ಬದಲು ಮೊದಲ ಪಟ್ಟಿಯನ್ನೇ ಗುರುತಾಗಿ ಕೊಡಿ.

ಬದಲಿಸಿದ ಮೇಲೆ

ಸೈನ್‌ಅಪ್ ಕಡಿಮೆಯಾಗುತ್ತವೆ, ಒಂದೊಂದರ ಬೆಲೆ ಏರುತ್ತದೆ. ಎರಡನೇ ವಾರಕ್ಕೇ ಮಾಲೀಕರು ಗಾಬರಿಯಾಗಿ ಹಳೆಯದಕ್ಕೆ ತಿರುಗಿಸಿ ಅನ್ನುತ್ತಾರೆ. ತಿರುಗಿಸಬೇಡಿ. ಮಾರ್ಚ್ ಮೊದಲ ವಾರ ಸೈನ್‌ಅಪ್ ಮಾಡಿದವರನ್ನು ಒಂದು ಗುಂಪಾಗಿ ಇಟ್ಟು, ಅವರ ಟ್ರಯಲ್ ಮುಗಿದು ಇನ್ನೊಂದು ವಾರ ಕಳೆದ ಮೇಲೆ ಎಷ್ಟು ಜನ ಕಟ್ಟಿದರು ಅಂತ ಎಣಿಸಿ. ಈ ತಿಂಗಳ ಖರ್ಚನ್ನು ಈ ತಿಂಗಳು ಬಂದ ದುಡ್ಡಿಗೆ ಭಾಗಿಸಿದರೆ ಸುಳ್ಳು ಲೆಕ್ಕ ಸಿಗುತ್ತದೆ.

ತಿಂಗಳಿಗೊಮ್ಮೆ ಆ ನೂರಕ್ಕೆ 30 ಇನ್ನೂ ನಿಂತಿದೆಯಾ ಅಂತಲೂ ನೋಡಬೇಕು. ನಮ್ಮದು ಒಮ್ಮೆ ಇದ್ದಕ್ಕಿದ್ದಂತೆ 12ಕ್ಕೆ ಕುಸಿಯಿತು. ಜಾಹೀರಾತಿನಲ್ಲಿ ತಪ್ಪು ಹುಡುಕುತ್ತ ಒಂದು ವಾರ ಕಳೆದೆ. ಕೊನೆಗೆ ಪಟ್ಟಿಗಳನ್ನೇ ತೆರೆದು ನೋಡಿದರೆ ಎಷ್ಟೋ ಅಂಗಡಿಗಳಲ್ಲಿ ಅದೇ ಮೂರು ರೈತರ ಹೆಸರು, ಅದೇ 50 ಕೆಜಿ ತೂಕ. ಕಲಿಸಿಕೊಡಲು ಫೋನ್ ಮಾಡುತ್ತಿದ್ದ ನಮ್ಮ ಹುಡುಗರು ಗಿರಾಕಿಯ ಕಂಪ್ಯೂಟರ್‌ಗೆ ದೂರದಿಂದಲೇ ಸೇರಿಕೊಂಡು, ತಾವೇ ಮೂರು ಪಟ್ಟಿ ತೆಗೆದು ತೋರಿಸುತ್ತಿದ್ದರು. ಅವರು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಈಗ ಕಲಿಸುವಾಗ ತೆಗೆದ ಪಟ್ಟಿಗೆ ಬೇರೆ ಗುರುತು ಹಾಕಿ, ಎಣಿಕೆಯಿಂದ ಹೊರಗಿಟ್ಟಿದ್ದೇವೆ. ದಲಾಲರು ತಮ್ಮ ಕೈಯಾರೆ ತೆಗೆದ ಮೂರು ಪಟ್ಟಿ ಮಾತ್ರ ಗೂಗಲ್‌ಗೆ ಹೋಗುತ್ತವೆ.