ನಾಲಿಗೆಯ ಅಡಿಯ ಪೊರೆ: ಕತ್ತರಿ ಹಿಡಿಯುವ ಮುನ್ನ

ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿದ ಮಾತ್ರಕ್ಕೆ ಕೂಸಿನ ನಾಲಿಗೆಯ ಅಡಿಯ ಪೊರೆಯನ್ನು ಕತ್ತರಿಸಬೇಕೋ ಬೇಡವೋ ಎಂದು ಹೇಳಲು ಆಗುವುದಿಲ್ಲ. ಕೂಸು ಹಾಲು ಕುಡಿಯುವುದನ್ನು ನೋಡಬೇಕು, ಕುಡಿದು ಬಿಟ್ಟ ಮೊಲೆತೊಟ್ಟನ್ನು ನೋಡಬೇಕು, ತೂಕ ನೋಡಬೇಕು. ಕುಮಟಾದ ನನ್ನ ಚಿಕಿತ್ಸಾಲಯಕ್ಕೆ ‘ನಾಲಿಗೆ ಅಂಟಿಕೊಂಡಿದೆ’ ಎಂದು ಬರುವ ಕೂಸುಗಳಲ್ಲಿ ಹೆಚ್ಚಿನವನ್ನು ನಾನು ಏನೂ ಕತ್ತರಿಸದೆ ಮನೆಗೆ ಕಳಿಸುತ್ತೇನೆ. ಕೆಲವರಿಗೆ ಇದರಿಂದ ಸಮಾಧಾನ, ಕೆಲವರಿಗೆ ಸಿಟ್ಟು.

ಆ ಪೊರೆ ಎಲ್ಲರಿಗೂ ಇರುತ್ತದೆ. ನಿಮ್ಮ ನಾಲಿಗೆಯನ್ನು ಮೇಲಕ್ಕೆತ್ತಿ ಕನ್ನಡಿ ನೋಡಿಕೊಂಡರೆ ನಿಮಗೂ ಕಾಣುತ್ತದೆ. ಅದು ಬಾಯಿಯ ತಳದ ಪದರವೇ ನಾಲಿಗೆ ಎತ್ತಿದಾಗ ಮಡಿಕೆಯಾಗಿ ಎದ್ದು ನಿಲ್ಲುವ ಭಾಗ. ಕೆಲವು ಕೂಸುಗಳಲ್ಲಿ ಅದು ಗಿಡ್ಡವಾಗಿ, ನಾಲಿಗೆಯ ತುದಿಯವರೆಗೂ ಬಂದಿರುತ್ತದೆ. ಆದರೂ ಅಂಥ ನಾಲಿಗೆ ಇಟ್ಟುಕೊಂಡೇ ಚೆನ್ನಾಗಿ ಹಾಲು ಕುಡಿದು ಬೆಳೆಯುವ ಮಕ್ಕಳು ಬೇಕಾದಷ್ಟಿದ್ದಾರೆ. ಪೊರೆ ಇರುವುದು ಬೇರೆ, ಪೊರೆಯಿಂದ ತೊಂದರೆಯಾಗುವುದು ಬೇರೆ. ನನ್ನ ಕೆಲಸವೆಲ್ಲ ಇವೆರಡರ ನಡುವೆ ಇದೆ.

ಒಂದು ಕೂಸಿನ ವಿಷಯ ಹೇಳುತ್ತೇನೆ. ಅಘನಾಶಿನಿ ದಡದ ಊರಿನ ತವರುಮನೆಗೆ ಬಾಣಂತನಕ್ಕೆ ಬಂದಿದ್ದ ಚೊಚ್ಚಲ ಬಾಣಂತಿ, ಜೊತೆಯಲ್ಲಿ ಅವಳ ತಾಯಿ. ಕೂಸಿಗೆ ಏಳು ದಿನ. ಹುಟ್ಟಿದಾಗ 2,900 ಗ್ರಾಂ ಇದ್ದದ್ದು ಈಗ 2,580. ಹುಟ್ಟಿದ ಮೊದಲ ಮೂರ‍್ನಾಲ್ಕು ದಿನ ತೂಕ ಇಳಿಯುವುದು ಸಹಜ, ಆದರೆ ಆಮೇಲೆ ಏರಬೇಕು. ಏಳನೆಯ ದಿನ ನೂರಕ್ಕೆ ಹನ್ನೊಂದರಷ್ಟು ಕಡಿಮೆ ಇದ್ದರೆ ಸುಮ್ಮನಿರುವಂತಿಲ್ಲ. ದಿನಕ್ಕೆ ಮೂರು ಸಲ ಮಾತ್ರ ಮೂತ್ರ ಮಾಡುತ್ತಿದೆ ಎಂದು ಅಜ್ಜಿ ಹೇಳಿದರು. ಈ ವಯಸ್ಸಿಗೆ ಆರಕ್ಕಿಂತ ಕಡಿಮೆ ಇರಬಾರದು.

“ಇಡೀ ದಿನ ಮೊಲೆ ಬಿಡುವುದೇ ಇಲ್ಲ ಡಾಕ್ಟರೇ, ಆದರೂ ಹೊಟ್ಟೆ ತುಂಬುವುದಿಲ್ಲ. ಹಚ್ಚಿದ ಕೂಡಲೇ ನನ್ನ ಮಗಳು ಹಲ್ಲು ಕಚ್ಚಿ ಅಳುತ್ತಾಳೆ” ಎಂದರು ಅಜ್ಜಿ. ಆಸ್ಪತ್ರೆಯಲ್ಲಿ ಯಾರೋ ನಾಲಿಗೆ ನೋಡಿ, ಇದನ್ನು ಕತ್ತರಿಸಿಬಿಡಿ ಎಂದಿದ್ದರಂತೆ. ಅಜ್ಜಿಯ ಚಿಂತೆ ಇನ್ನೊಂದು: ಕತ್ತರಿಸದಿದ್ದರೆ ಮುಂದೆ ಮಾತು ಬರುವುದಿಲ್ಲವಲ್ಲ?

ಮೊದಲು ಮಾಡಿದ್ದು ನಾಲಿಗೆಗೆ ಸಂಬಂಧವಿಲ್ಲದ ಕೆಲಸ. ಕೂಸು ಎಚ್ಚರವಾಗಿದೆಯೇ, ಬಾಯಿ ಒಣಗಿದೆಯೇ, ಕಾಮಾಲೆ ಎಷ್ಟಿದೆ ಎಂದು ನೋಡಿ, ರಕ್ತದಲ್ಲಿ ಸಕ್ಕರೆ ಮತ್ತು ಸೋಡಿಯಂ ಪರೀಕ್ಷೆಗೆ ಕಳಿಸಿದೆ. ಹಾಲು ಸಾಲದ ಕೂಸಿನಲ್ಲಿ ನೀರಿನಂಶ ಕಡಿಮೆಯಾಗಿ ಸೋಡಿಯಂ ಏರುತ್ತದೆ, ಅದು ಹೆಚ್ಚು ಏರಿದರೆ ನಾಲಿಗೆಯ ಮಾತೆಲ್ಲ ಆಮೇಲೆ, ಮೊದಲು ಆಸ್ಪತ್ರೆಯ ಹಾಸಿಗೆ. ಈ ಕೂಸಿನದು ಸಹಜ ಮಿತಿಯ ಅಂಚಿನಲ್ಲಿತ್ತು.

ಆಮೇಲೆ ಕೈಗವಸು ಹಾಕಿ ಕಿರುಬೆರಳನ್ನು ಬಾಯಿಗಿಟ್ಟೆ. ಅಂಗುಳು ಸೀಳಿಲ್ಲವೆಂದು ಬೆರಳಿನಿಂದಲೇ ಖಚಿತ ಮಾಡಿಕೊಳ್ಳಬೇಕು. ಮೇಲೆ ಚರ್ಮ ಮುಚ್ಚಿ ಒಳಗೆ ಮಾತ್ರ ಸೀಳಿರುವ ಅಂಗುಳು ಕಣ್ಣಿಗೆ ಬೀಳುವುದಿಲ್ಲ, ಅದೂ ಹಾಲು ಎಳೆಯಲು ಬಿಡುವುದಿಲ್ಲ. ಗದ್ದ ಹಿಂದೆ ಸರಿದಿಲ್ಲ, ಕತ್ತು ಒಂದೇ ಕಡೆ ತಿರುಗಿಲ್ಲ. ಕೂಸು ಬೆರಳು ಚೀಪಿತು, ಆದರೆ ನಾಲಿಗೆ ಕೆಳವಸಡನ್ನು ದಾಟಿ ಬಂದು ಬೆರಳಿನ ಅಡಿಯನ್ನು ಹಿಡಿಯಲಿಲ್ಲ. ಹಿಂದೆಯೇ ಉಳಿಯಿತು, ವಸಡೇ ಬೆರಳನ್ನು ಅಗಿಯಿತು. ಅಳುವಾಗ ನಾಲಿಗೆಯ ಎರಡು ಅಂಚುಗಳು ಎದ್ದವು, ನಡುಭಾಗ ಏಳಲಿಲ್ಲ. ತುದಿ ಹೃದಯದ ಆಕಾರಕ್ಕೆ ಸೀಳಿದಂತೆ ಕಂಡಿತು.

ಇದನ್ನು ಅಂದಾಜಿಗೆ ಬಿಡಬಾರದೆಂದು ಇಂಗ್ಲೆಂಡಿನ ಬ್ರಿಸ್ಟಲ್‌ನವರು ಮಾಡಿದ ನಾಲ್ಕು ಅಂಶಗಳ ಪಟ್ಟಿಯನ್ನು ಬಳಸುತ್ತೇನೆ. ತುದಿಯ ಆಕಾರ, ಪೊರೆ ಕೆಳವಸಡಿನ ಎಲ್ಲಿಗೆ ಅಂಟಿದೆ, ಅಳುವಾಗ ನಾಲಿಗೆ ಎಷ್ಟು ಏಳುತ್ತದೆ, ಎಷ್ಟು ಹೊರಗೆ ಚಾಚುತ್ತದೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಎಂಟು. ಮೂರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಲಿಗೆಯ ಚಲನೆಗೆ ದೊಡ್ಡ ತಡೆ ಇದೆ ಎಂದರ್ಥ. ಈ ಕೂಸಿಗೆ ಎರಡು ಬಂತು. ಆದರೂ ಕತ್ತರಿ ಹಿಡಿಯಲಿಲ್ಲ. ಈ ಅಂಕ ನಾಲಿಗೆಯದು, ಹಾಲು ಕುಡಿಯುವುದರದ್ದಲ್ಲ.

ಬಟ್ಟೆ ಬದಲಿಸದೆ ಕೂಸನ್ನು ತೂಗಿ, ತಾಯಿಯನ್ನು ಕೂರಿಸಿ ಹಾಲು ಕುಡಿಸಲು ಹೇಳಿದೆ. ಸರಿಯಾಗಿ ಹಿಡಿದ ಕೂಸು ಬಾಯಿ ಅಗಲಿಸಿ, ತೊಟ್ಟಿನ ಜೊತೆ ಅದರ ಸುತ್ತಲಿನ ಕಪ್ಪು ಭಾಗವನ್ನೂ ತೆಗೆದುಕೊಳ್ಳುತ್ತದೆ. ನಾಲಿಗೆಯ ಹಿಂಭಾಗ ಮತ್ತು ದವಡೆ ಕೆಳಗಿಳಿದಾಗ ಬಾಯಿಯೊಳಗೆ ನಿರ್ವಾತ ಹುಟ್ಟಿ ಹಾಲು ಬರುತ್ತದೆ, ಆಮೇಲೆ ನುಂಗುವ ಸದ್ದು ಕೇಳುತ್ತದೆ. ಇಲ್ಲಿ ಕೇಳಿದ್ದು ‘ಟಕ್ ಟಕ್’ ಎಂಬ ಸದ್ದು: ನಾಲಿಗೆಯ ಹಿಡಿತ ತಪ್ಪಿ, ನಿರ್ವಾತ ಒಡೆಯುವ ಸದ್ದು. ನಾಲ್ಕೈದು ಸಲ ಚೀಪಿ ಒಂದು ಸಲ ನುಂಗುತ್ತಿತ್ತು. ಇಪ್ಪತ್ತು ನಿಮಿಷದ ನಂತರ ಕೂಸು ನಿದ್ದೆ ಹೋಯಿತು. ಹೊರಬಂದ ತೊಟ್ಟು ಗುಂಡಗಿರಲಿಲ್ಲ. ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿತ್ತು, ನಡುವೆ ಬಿಳಿಯ ಗೆರೆ, ಬುಡದಲ್ಲಿ ಬಿರುಕು. ಮತ್ತೆ ತೂಗಿದಾಗ ಏರಿದ್ದು ಹದಿನೈದು ಗ್ರಾಂ.

ಈ ತೂಕದ ಕೂಸಿಗೆ ಒಂದು ಸಲಕ್ಕೆ ಸುಮಾರು 40 ರಿಂದ 45 ಮಿಲಿಲೀಟರ್ ಬೇಕು. ಹಾಗಾದರೆ ತಾಯಿಗೇ ಹಾಲು ಕಡಿಮೆಯೋ? ಅದನ್ನು ಅಲ್ಲೇ ನೋಡಬಹುದು. ಕೈಯಿಂದ ಹಿಂಡಿಸಿದೆ, ಎರಡೂ ಕಡೆ ಸೇರಿ 30 ಮಿಲಿಲೀಟರ್ ಬಂತು. ಹಾಲು ಇದೆ, ಕೂಸು ಎಳೆಯುತ್ತಿಲ್ಲ. ಹಾಲೇ ಇಲ್ಲದ ತಾಯಿಯ ಕೂಸಿನ ನಾಲಿಗೆ ಕತ್ತರಿಸಿ ಏನೂ ಪ್ರಯೋಜನವಿಲ್ಲ, ಆದ್ದರಿಂದ ಈ ಒಂದು ಪರೀಕ್ಷೆಯನ್ನು ನಾನು ಯಾವತ್ತೂ ಬಿಡುವುದಿಲ್ಲ. ಇನ್ನೊಂದು ಮಾತು, ಇದ್ದ ಹಾಲನ್ನು ತೆಗೆಯದೆ ಬಿಟ್ಟರೆ ಒಂದೆರಡು ವಾರದಲ್ಲಿ ಹಾಲೂ ಇಳಿಯುತ್ತದೆ. ಆಗ ಮೂಲ ಕಾರಣ ಯಾವುದೆಂದು ಹೇಳುವುದೇ ಕಷ್ಟ.

ಆ ದಿನ ಮಾಡಿದ್ದು ಭಂಗಿ ಬದಲಿಸುವುದು. ತಾಯಿ ಸ್ವಲ್ಪ ಹಿಂದಕ್ಕೆ ಒರಗಿ, ಕೂಸಿನ ಹೊಟ್ಟೆ ತನ್ನ ಹೊಟ್ಟೆಗೆ ತಾಗುವಂತೆ ಮಲಗಿಸಿಕೊಂಡು, ಗದ್ದ ಮೊದಲು ಮೊಲೆಗೆ ತಾಗಿ ಬಾಯಿ ಅಗಲಿಸಿದ ಮೇಲೆ ಹಚ್ಚುವುದು. ಪ್ರತಿ ಸಲ ಕುಡಿಸಿದ ಮೇಲೆ ಹಿಂಡಿ, ಆ ಹಾಲನ್ನು ಒಳಲೆಯಲ್ಲಿ ಕೊಡುವುದು. ಬಾಟಲಿ ಬೇಡ ಎಂದೆ. ಒಳಲೆ ನಮ್ಮ ಅಜ್ಜಿಯಂದಿರ ಕೈಗೆ ಹೊಸತಲ್ಲ, ಈ ಅಜ್ಜಿಯಂತೂ ನನಗಿಂತ ಚೆನ್ನಾಗಿ ಕುಡಿಸಿದರು. ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿದೆ.

ಬಹಳಷ್ಟು ಕೂಸುಗಳ ಕಥೆ ಇಲ್ಲಿಗೇ ಮುಗಿಯುತ್ತದೆ. ಭಂಗಿ ಸರಿಯಾದ ಕೂಡಲೇ ನೋವು ಹೋಗುತ್ತದೆ, ತೂಕ ಏರುತ್ತದೆ, ನಾಲಿಗೆ ಇದ್ದ ಹಾಗೆಯೇ ಇರುತ್ತದೆ. ಈ ಕೂಸಿನ ತೂಕವೂ ಏರಿತ್ತು, ಎರಡು ದಿನಕ್ಕೆ 70 ಗ್ರಾಂ. ಆದರೆ ಅದು ಒಳಲೆಯ ಹಾಲಿನಿಂದ. ಮೊಲೆಯಿಂದ ಎಳೆದದ್ದು ತೂಗಿದಾಗ ಇಪ್ಪತ್ತೇ ಗ್ರಾಂ, ತೊಟ್ಟು ಅದೇ ಓರೆ, ಬಿರುಕಿನಲ್ಲಿ ರಕ್ತ. ನಾಲಿಗೆಗೆ ತಡೆ ಇದೆ, ಹಾಲು ಇದೆ, ಭಂಗಿ ಸರಿಪಡಿಸಿದ್ದಾಗಿದೆ, ಆದರೂ ಹಾಲು ಹೋಗುತ್ತಿಲ್ಲ, ನೋವೂ ಇಳಿದಿಲ್ಲ. ಇಷ್ಟೂ ಒಟ್ಟಿಗೆ ಸೇರಿದಾಗ ಮಾತ್ರ ನಾನು ಕತ್ತರಿಸುವ ಮಾತೆತ್ತುತ್ತೇನೆ.

ಎತ್ತುವಾಗ ಪೂರ್ತಿ ಭರವಸೆ ಕೊಡುವುದಿಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಸಂಸ್ಥೆಯ 2017 ರ ವಿಮರ್ಶೆ ಐದು ಪ್ರಯೋಗಗಳ 302 ಕೂಸುಗಳನ್ನು ಒಟ್ಟಾಗಿ ನೋಡಿ ಹೇಳಿದ್ದು ಇಷ್ಟು: ತಾಯಿಯ ತೊಟ್ಟಿನ ನೋವು ಕೆಲಕಾಲ ಕಡಿಮೆಯಾಗುತ್ತದೆ, ಕೂಸು ಹಾಲು ಕುಡಿಯುವುದು ಎಲ್ಲರಲ್ಲೂ ಸುಧಾರಿಸುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಇದನ್ನೇ ನಾನು ಮನೆಯವರಿಗೆ ಹೇಳಿದೆ. ಮಾತಿನ ಬಗ್ಗೆ ಕೇಳಿದ ಅಜ್ಜಿಗೂ ಉತ್ತರ ಹೇಳಿದೆ: “ಅಮ್ಮಾ, ಮಾತು ಬರಲೆಂದು ಈಗ ಕತ್ತರಿಸುವುದಿಲ್ಲ. ಹಾಲಿಗಾಗಿ ಮಾತ್ರ.” ನಾಲಿಗೆಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತಿದ್ದದ್ದು ಆಗ ಹೊರಬಿತ್ತು. ವರ್ಷ ತುಂಬದ ಮಗುವಿಗೆ ಜೇನು ಕೂಡದು, ಅದರಲ್ಲಿರಬಹುದಾದ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಹುದು. ಅಜ್ಜಿಗೆ ಬೇಸರವಾಯಿತು, ಆದರೆ ನಿಲ್ಲಿಸಿದರು.

ಕತ್ತರಿಸುವ ಮುನ್ನ ಎರಡು ಪ್ರಶ್ನೆ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿದ್ದಾರೆಯೇ? ಇದನ್ನು ಬಾಯಿಮಾತಿಗೆ ನಂಬದೆ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಹುಡುಕುತ್ತೇನೆ. ಮನೆಯಲ್ಲಿ ಯಾರಿಗಾದರೂ, ಮುಖ್ಯವಾಗಿ ಕೂಸಿನ ಸೋದರಮಾವನಿಗೆ, ಹಲ್ಲು ಕೀಳಿಸಿದಾಗಲೋ ಗಾಯವಾದಾಗಲೋ ರಕ್ತ ನಿಲ್ಲದೆ ತೊಂದರೆಯಾಗಿತ್ತೇ? ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಆದ್ದರಿಂದಲೇ ಮಾವನ ವಿಚಾರಣೆ. ಗದ್ದ ಬಹಳ ಹಿಂದಿರುವ ಕೂಸು, ಮೈ ಸಡಿಲವಾದ ಕೂಸು ಇದ್ದರೆ ನಾನು ಮುಟ್ಟುವುದೇ ಇಲ್ಲ. ಅಂಥವರಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿಗೆ ಅಡ್ಡವಾಗಬಹುದು. ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಹೋಗಬೇಕಾದವರಿಗೆ, ರಕ್ತ ಬಂದರೆ ಬೇಗ ಮರಳಿ ಬರಲಾಗಲಿ ಎಂದು, ಕತ್ತರಿಸಿದ ರಾತ್ರಿ ಕುಮಟಾದಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ ಎನ್ನುತ್ತೇನೆ.

ಕೆಲಸ ಒಂದು ನಿಮಿಷದ್ದು. ಕೂಸಿನ ಕೈಗಳು ಹೊರಬರದಂತೆ ಬಟ್ಟೆಯಲ್ಲಿ ಸುತ್ತಿ, ನರ್ಸ್ ತಲೆ ಹಿಡಿದರು. ನಡುವೆ ಸೀಳಿರುವ ಲೋಹದ ಪಟ್ಟಿಯಿಂದ ನಾಲಿಗೆಯನ್ನು ಎತ್ತಿದಾಗ ಪೊರೆ ಬಿಳುಪಾಗಿ ಬಿಗಿಯಿತು. ಬಾಯಿಯ ತಳದಲ್ಲಿ ನಡುವಿನ ಎರಡು ಪಕ್ಕದಲ್ಲಿ ಜೊಲ್ಲುಗ್ರಂಥಿಗಳ ನಾಳಗಳು ತೆರೆಯುವ ಎರಡು ಸಣ್ಣ ಉಬ್ಬುಗಳಿರುತ್ತವೆ, ಅವನ್ನು ಕಣ್ಣಾರೆ ಗುರುತಿಸಿದ ಮೇಲೆ, ಮೊಂಡು ತುದಿಯ ಕತ್ತರಿಯಿಂದ ನಾಲಿಗೆಯ ಕಡೆಗೆ ಹತ್ತಿರವಾಗಿ ಪೊರೆಯನ್ನು ಮಾತ್ರ ಕತ್ತರಿಸಿದೆ. ಸ್ನಾಯುವಿಗೆ ತಾಗುವಷ್ಟು ಆಳಕ್ಕೆ ಹೋಗುವುದಿಲ್ಲ. ನಾಲ್ಕಾರು ಹನಿ ರಕ್ತ. ಗಾಜ್ ಒತ್ತಿ ಹಿಡಿದು, ಕೂಡಲೇ ತಾಯಿಯ ಮಡಿಲಿಗೆ. ಚೀಪುವುದೇ ರಕ್ತವನ್ನೂ ನಿಲ್ಲಿಸುತ್ತದೆ, ನೋವನ್ನೂ ಇಳಿಸುತ್ತದೆ.

ಮೊದಲ ಬಾರಿಗೆ ತೊಟ್ಟು ಗುಂಡಗೆ ಹೊರಬಂತು. “ಹಿಡಿದದ್ದು ಗೊತ್ತಾಗುತ್ತದೆ, ಕಚ್ಚಿದ ಹಾಗಿಲ್ಲ” ಎಂದಳು ತಾಯಿ. ಆದರೆ ಏರಿದ ತೂಕ 25 ಗ್ರಾಂ ಮಾತ್ರ. ಹುಟ್ಟುವ ಮೊದಲಿನಿಂದಲೂ ಕಟ್ಟಿಕೊಂಡಿದ್ದ ನಾಲಿಗೆ ಒಂದೇ ದಿನದಲ್ಲಿ ಕಲಿಯುವುದಿಲ್ಲ. ಹಿಂಡಿ ಒಳಲೆಯಲ್ಲಿ ಕೊಡುವುದನ್ನು ಇನ್ನೂ ಒಂದು ವಾರಕ್ಕಿಂತ ಹೆಚ್ಚು ಮುಂದುವರಿಸಬೇಕಾಯಿತು. ಮೊಲೆಯಿಂದಲೇ 50 ಗ್ರಾಂ ಏರುವ ಹೊತ್ತಿಗೆ ಒಳಲೆ ತಾನಾಗಿ ಮೂಲೆಗೆ ಹೋಯಿತು, ತೂಕ ದಿನಕ್ಕೆ 30 ಗ್ರಾಂನಂತೆ ಏರತೊಡಗಿತು.

ಮರುದಿನ ಅಥವಾ ಮೂರನೆಯ ದಿನ ನಾಲಿಗೆಯ ಅಡಿಯಲ್ಲಿ ಬಿಳಿ ಅಥವಾ ಹಳದಿ ತೇಪೆ ಕಾಣುತ್ತದೆ. ಅದು ಕೀವಲ್ಲ, ಗಾಯ ಮಾಯುವ ಬಗೆ. ಇದನ್ನು ಮೊದಲೇ ಹೇಳದಿದ್ದರೆ ಮನೆಯವರು ಗಾಬರಿಯಿಂದ ಓಡಿ ಬರುತ್ತಾರೆ, ಅರಿಶಿನ ಹಚ್ಚಿದವರೂ ಉಂಟು. ಗಾಯವನ್ನು ದಿನಾ ಬೆರಳಿನಿಂದ ಉಜ್ಜಿ ಹಿಗ್ಗಿಸಬೇಕು ಎಂಬ ಮೊಬೈಲ್ ವಿಡಿಯೊಗಳನ್ನು ನಂಬಬೇಡಿ. ಅದರಿಂದ ಉಪಯೋಗವಿದೆ ಎನ್ನಲು ಆಧಾರವಿಲ್ಲ, ಕೂಸು ಬಾಯಿಗೆ ಏನು ಬಂದರೂ ಹೆದರುವಂತಾಗಬಹುದು. ಲೇಸರ್‌ನಿಂದಲೇ ಮಾಡಿಸಬೇಕು ಎಂಬುದೂ ಹಾಗೆಯೇ.

ಇತ್ತೀಚೆಗೆ ನಾಲಿಗೆಯ ಫೋಟೊ ಕಳಿಸಿ ‘ಕತ್ತರಿಸಬೇಕೇ’ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಫೋಟೊ ಬೇಡ. ಹುಟ್ಟಿದಾಗಿನ ತೂಕ ಬರೆದ ತಾಯಿ ಕಾರ್ಡ್ ಹಿಡಿದು, ಕೂಸಿಗೆ ಹಸಿವಾಗುವ ಹೊತ್ತಿಗೆ ಸರಿಯಾಗಿ ಬನ್ನಿ. ಕುಡಿಸಿಕೊಂಡು ಬಂದ ಕೂಸು ನನ್ನೆದುರು ನಿದ್ದೆ ಮಾಡುತ್ತದೆ, ನನಗೆ ಏನೂ ತಿಳಿಯುವುದಿಲ್ಲ.